ಎರಡು ಗುಂಜಿ ಬಿಲ್ಲೆ

ಸೇಡಂ ಸರಾಫ ಬಜಾರದಲ್ಲಿರುವ ಸಿದ್ದಣ್ಣ ಪತ್ತಾರರ ಅಂಗಡಿಯಲ್ಲಿ ನಿನ್ನ ಕೆಲಸ ಏನಪ್ಪಾ ಅಂತ ಯಾರಾದರೂ ಕೇಳಿದರೆ ಸಾಯಿಕುಮಾರ, ‘ಮಾರ್ಕೆಟ್ ನೋಡ್ಕೋತೀನ್ರಿ’ ಅನ್ನುತ್ತಿದ್ದ. ಕೇಳಿದವರ ಮುಖದಲ್ಲಿ ಆಗ ಚೂರು ಗೌರವ ಮೂಡುತ್ತಿತ್ತು. ಅದು ಮಾಯವಾಗುವುದರೊಳಗೆ ಅವನು ಮಾತು ಬದಲಿಸಿಬಿಡುತ್ತಿದ್ದ. ಯಾಕೆಂದರೆ ಅವನ ನಿಜವಾದ ಕೆಲಸ ಇಷ್ಟೇ: ಬೆಳಿಗ್ಗೆ ವಾಡಿಯಿಂದ ಪ್ಯಾಸೆಂಜರ್ ಗಾಡಿ ಹಿಡಿದು ಬರುವುದು, ಶಟರ್ ಎತ್ತುವುದು, ಬಾಗಿಲ ಪಕ್ಕದ ಕರಿ ಹಲಗೆಯ ಮೇಲೆ ಬಂಗಾರದ ರೇಟು ಬರೆಯುವುದು, ರೇಟು ಬದಲಾದರೆ ಒರೆಸಿ ಮತ್ತೆ ಬರೆಯುವುದು. ಬಿ.ಕಾಂ. ಮುಗಿಸಿದ ಮಗ ಸೀಮೆಸುಣ್ಣ ಹಿಡಿದು ನಿಂತದ್ದನ್ನು ಒಮ್ಮೆ ನೋಡಿದ ಅವನ ಅಪ್ಪ, ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದವನು, ‘ಇಷ್ಟ ಬರಿಲಿಕ್ಕಿ ಇತ್ತಂದ್ರ ಮೂರನೇತ್ತಾಕ ಸಾಲಿ ಬಿಡಿಸ್ತಿದ್ದೆ’ ಅಂದಿದ್ದ.

ಆದರೂ ಸಾಯಿಕುಮಾರನಿಗೆ ಒಂದು ವಿದ್ಯೆ ಒಲಿದಿತ್ತು, ಅಥವಾ ಒಲಿದಿದೆ ಅಂತ ಅವನು ತಿಳಿದಿದ್ದ. ಏಪ್ರಿಲ್ ತಿಂಗಳಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಶುಕ್ರವಾರ ಸಂಜೆ ಆರು ಗಂಟೆಗೆ, ಏನಿಲ್ಲ ಎತ್ತಿಲ್ಲ, ಮೊಬೈಲಿನಲ್ಲಿ ಬಂಗಾರದ ಅಂಕಿ ಚೇಳು ಕಡಿದಂತೆ ಜಿಗಿದದ್ದನ್ನು ಅವನು ಕಂಡ. ಹಲಗೆ ಒರೆಸುವುದರೊಳಗೆ ಮತ್ತೊಂದು ಅಂಕಿ, ಬರೆಯುವುದರೊಳಗೆ ಮಗದೊಂದು. ‘ಅಮೆರಿಕಾದಾಗ ನೌಕರಿ ಲೆಕ್ಕ ಬಂತು,’ ಎಂದು ಸಿದ್ದಣ್ಣ ಒಳಗಿನಿಂದಲೇ ಹೇಳಿದರು, ಪಕ್ಕದ ಮನೆಯಲ್ಲಿ ಹಾಲು ಉಕ್ಕಿತು ಅನ್ನುವ ಧಾಟಿಯಲ್ಲಿ. ಅಂದಿನಿಂದ ಅವನು ಅಮೆರಿಕಾದ ಎರಡು ಲೆಕ್ಕಗಳ ಬೆನ್ನು ಹತ್ತಿದ. ತಿಂಗಳ ಮೊದಲ ಶುಕ್ರವಾರ ಸಾಮಾನ್ಯವಾಗಿ ಎಷ್ಟು ಮಂದಿಗೆ ಕೆಲಸ ಸಿಕ್ಕಿತೆಂಬ ನೌಕರಿ ಲೆಕ್ಕ, ತಿಂಗಳ ನಡುವೆ ಬೆಲೆಯೇರಿಕೆಯ ತುಟ್ಟಿ ಲೆಕ್ಕ. ಎರಡೂ ಆರಕ್ಕೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಒಮ್ಮೆಯೂ ಆರು ತಪ್ಪಿರಲಿಲ್ಲ. ಆರಕ್ಕೆ ಐದು ನಿಮಿಷ ಇರುವಾಗ ಅವನ ಬೆನ್ನಹುರಿಯಲ್ಲಿ ಒಂದು ತಣ್ಣನೆ ಎಳೆ ಇಳಿಯುತ್ತಿತ್ತು. ಆ ಹೊತ್ತಿಗೆ ಅಂಕಿ ಅಲುಗಾಡದೆ ನಿಲ್ಲುತ್ತಿತ್ತು, ಉಸಿರು ಹಿಡಿದ ಪ್ರಾಣಿಯ ಹಾಗೆ. ಮಾರುವವರೂ ಕೊಳ್ಳುವವರೂ ಅಂಗಳದಿಂದ ಒಳಗೆ ಸರಿದು ಬಾಗಿಲು ಮುಂದೆ ಮಾಡಿಕೊಂಡಂತೆ. ಆಮೇಲೆ ಒಮ್ಮೆಲೇ.

ಅಂಗಡಿಗೆ ಒಂದು ಕಟ್ಟಳೆ ಇತ್ತು. ಹಳೆ ಬಂಗಾರ ತಕ್ಕಡಿಯಿಂದ ಇಳಿದ ಕೂಡಲೇ, ಡ್ರಾವರಿನ ಕೀಲಿ ತಿರುಗುವ ಮೊದಲೇ, ಕಲಬುರಗಿಯ ಬಂಗಾರದ ಗಟ್ಟಿ ವ್ಯಾಪಾರಿ ಮುಕ್ರಮನಿಗೆ ಫೋನು ಮಾಡಿ ಅಷ್ಟೇ ತೂಕವನ್ನು ಮಾರಿಬಿಡಬೇಕು. ಮಾಲು ನಾಳೆ ಹೋದರೂ ಸರಿ, ಮಾತು ಇವತ್ತೇ ಹೋಗಬೇಕು. ಆಗ ರೇಟು ಏರಲಿ ಇಳಿಯಲಿ, ಅಂಗಡಿಗೆ ಅದರ ಉಸಾಬರಿ ಇಲ್ಲ. ‘ನಾವು ಮಜೂರಿ ತಿನ್ನವ್ರು, ಮಟ್ಕಾ ತಿನ್ನವ್ರಲ್ಲ’ ಎಂಬುದು ಸಿದ್ದಣ್ಣರ ಮಾತು. ಸಾಯಿಕುಮಾರನಿಗಿಂತ ಮೊದಲು ಅದೇ ಸ್ಟೂಲಿನ ಮೇಲೆ ಕುಳಿತಿದ್ದ ಕಾಶಪ್ಪ ಒಂದು ಸಂಜೆ ಆ ಫೋನು ಮರೆತ. ಮರುದಿನ ಅವನಿಗೆ ಸ್ಟೂಲು ಸಿಗಲಿಲ್ಲ. ಈಗ ವಾಡಿ ಸ್ಟೇಷನ್ನಿನಲ್ಲಿ ಚಹಾ ಮಾರುತ್ತಾನೆ. ದಿನಾ ಬೆಳಿಗ್ಗೆ ಸಾಯಿಕುಮಾರನಿಗೆ ಕಪ್ಪು ಕೊಡುತ್ತ, ‘ಸ್ಟೂಲ್ ಹೆಂಗದನೋ, ಗಟ್ಟಿ ಅದನ?’ ಅಂತ ಕೇಳುತ್ತಾನೆ. ನಗುತ್ತಲೇ ಕೇಳುತ್ತಾನೆ. ಸಾಯಿಕುಮಾರ ಅರ್ಧ ಕಪ್ಪು ಚೆಲ್ಲಿ ಗಾಡಿ ಹತ್ತುತ್ತಾನೆ.

ದೀಪಾವಳಿ ಮುಗಿದು ಲಗ್ನದ ಸುಗ್ಗಿ ಶುರುವಾಗುವ ದಿನಗಳಲ್ಲಿ ತೆಂಗಳಿಯ ಹಣಮವ್ವ ಮಗಳು ಸರಿತಾಳನ್ನು ಕರೆದುಕೊಂಡು ಬಂದಳು. ಶಹಾಬಾದ್ ಕಲ್ಲಿನ ನೆಲದ ಮೇಲೆ ಕಾಲು ಮಡಿಚಿ ಕೂತು, ಸೆರಗಿನ ಗಂಟು ಬಿಚ್ಚಿ ಒಂದು ಬೋರಮಾಳ ಸರ ತೆಗೆದಿಟ್ಟಳು. ತೆಗೆದಿಟ್ಟ ಕೈಯನ್ನು ಸೀರೆಗೆ ಒರೆಸಿಕೊಂಡಳು.

‘ಇದು ಹಿರೇಮಗಳು ಭಾಗ್ಯಜ್ಯೋತಿದ್ರಿ, ಪತ್ತಾರಪ್ಪ. ಹೋದ ವರ್ಷ ಹ್ವಾದ್ಳು. ಕೂಸಿಗಿ ಒಂದೂವರಿ ವರ್ಷ. ಅಳಿಯ ಭಾಳ ಛಲೋ ಮನಷ್ಯಾ. ಹಿಂಗಾಗಿ ಅವಗೇ ಈಕಿನ್ನ ಕೊಡಲಿಕತ್ತೀವಿ.’

ಸರಿತಾ ಬಾಗಿಲ ಕಡೆ ನೋಡುತ್ತಿದ್ದಳು. ಕೊಡುವ ಮಾತು ಬೇರೆ ಯಾರದೋ ಅನ್ನುವಂತೆ.

ಹಣಮವ್ವ ಏನು ಬೇಕೆಂದು ವಿವರಿಸಿದಳು. ಸತ್ತವಳ ಬಂಗಾರವನ್ನು ಬದುಕಿದವಳ ತಾಳಿಗೆ ಬೆರೆಸಬಾರದು. ಮೊದಲು ಇದನ್ನು ಕರಗಿಸಿ, ಮಾರಿ, ರೊಕ್ಕ ಮಾಡಬೇಕು. ಆ ರೊಕ್ಕ ಹಿಡಿದು ಹೊಸ್ತಿಲು ದಾಟಿ ಹೋಗಿ, ಗುಡಿಯಲ್ಲಿ ಕೈಕಾಲು ತೊಳೆದು, ದೀಪ ಹಚ್ಚಿ, ಮತ್ತೆ ಹೊಸದಾಗಿ ಗಿರಾಕಿಯಂತೆ ಒಳಗೆ ಬರಬೇಕು. ಆಗ ಕೊಳ್ಳಬೇಕು. ತಾಳಿ ಸಾಮಾನು ಒಂದು. ಅದರ ಜೊತೆಗೆ ಎರಡು ಗುಂಜಿ, ಎರಡು ಗುಲಗಂಜಿ ಕಾಳಿನಷ್ಟು ತೂಕದ ಒಂದು ಪುಟ್ಟ ಬಿಲ್ಲೆ. ಎರಡನೆಯವಳಾಗಿ ಹೋಗುವ ಹೆಣ್ಣು, ತೀರಿಹೋದ ಮೊದಲನೆಯವಳ ಹೆಸರಿನಲ್ಲಿ ಎರಡು ಪಾದ ಮೂಡಿಸಿದ ಬಿಲ್ಲೆಯನ್ನು ತಾಳಿಯ ಜೊತೆ ಕಟ್ಟಿಕೊಳ್ಳಬೇಕು. ಇಲ್ಲದಿದ್ದರೆ ಮೊದಲನೆಯವಳು ಬಾಗಿಲಲ್ಲೇ ನಿಲ್ಲುತ್ತಾಳೆ.

‘ಒಳಗೂ ಬರಂಗಿಲ್ಲ, ಹೊರಗೂ ಹೋಗಂಗಿಲ್ರಿ,’ ಅಂದಳು ಹಣಮವ್ವ.

‘ನಂಗ ಬಿಲ್ಲಿ ಬೇಕೇ ಬೇಕ್ರಿ,’ ಎಂದು ಸರಿತಾ ಮೊದಲ ಸಲ ಬಾಯಿ ಬಿಟ್ಟಳು. ‘ತಾಳಿ ಸಣ್ಣದಾದ್ರ ಆಗ್ಲಿ.’

‘ತಾಳಿ ಸಣ್ಣದಾದ್ರ ಬೀಗರು ಸುಮ್ಮ ಕುಂದ್ರತಾರೇನಬೇ? ತೂಕ ಮಾತಾಗಿ ಹೋಗ್ಯದ.’

ಸಿದ್ದಣ್ಣ ಒಳಗೆ ಕುಲುಮೆ ಹಚ್ಚಿದರು. ಬೋರಮಾಳದ ಗುಂಡುಗಳೊಳಗಿನ ಅರಗು ಮೊದಲು ಕರಗಿತು. ಅಂಗಡಿ ತುಂಬ ಒಂದು ವಾಸನೆ ಹಬ್ಬಿತು. ಅರಗಿನದು, ಅದರ ಹಿಂದೆ ಕೊಬ್ಬರಿ ಎಣ್ಣೆಯದು, ವರ್ಷಗಟ್ಟಲೆ ಒಂದು ಕೊರಳಿಗೆ ತಾಗಿದ್ದ ಬೆವರಿನದು. ಸರಿತಾ ಸೆರಗಿನಿಂದ ಮೂಗು ಮುಚ್ಚಲಿಲ್ಲ. ಕಣ್ಣು ಮುಚ್ಚಿಕೊಂಡಳು. ಸಾಯಿಕುಮಾರನೂ ಯಾಕೋ ಕಣ್ಣು ಮುಚ್ಚಿದ, ಆಮೇಲೆ ತಾನು ಪದವೀಧರ ಎಂಬುದು ನೆನಪಾಗಿ ತೆರೆದ.

ಗಟ್ಟಿ ಎರಡೂವರೆ ತೊಲ ತೂಗಿತು. ಸಿದ್ದಣ್ಣ ರೊಕ್ಕ ಎಣಿಸಿ ಕೊಟ್ಟು ಲೆಕ್ಕ ಹೇಳಿದರು. ಇವತ್ತಿನ ರೇಟಿಗೆ, ಮಜೂರಿ, ಟ್ಯಾಕ್ಸು ಎಲ್ಲ ಸೇರಿ, ಮಾತಾಡಿದ ತೂಕದ ತಾಳಿ ಬರುತ್ತದೆ, ಬಿಲ್ಲೆಯೂ ಬರುತ್ತದೆ. ಕೈಯಲ್ಲಿ ಬಸ್‌ಚಾರ್ಜೂ ಉಳಿಯುವುದಿಲ್ಲ. ಹಣಮವ್ವ, ‘ಬಸ್‌ಚಾರ್ಜ್ ಹೆಂಗೂ ನಮಗ ಬಿಟ್ಟಿ ಅದರಿ’ ಎನ್ನುತ್ತ ಆ ದಿನ ಮೊದಲ ಸಲ ನಕ್ಕಳು. ಸಿದ್ದಣ್ಣರಿಗೆ ಯಾರದೋ ಮನೆಯ ಸತ್ಯನಾರಾಯಣ ಪೂಜೆಗೆ ಹೋಗಬೇಕಿತ್ತು. ‘ಮುಕ್ರಮಗ ಫೋನ್ ಹಚ್ಚು’ ಎಂದು ಗಟ್ಟಿಯನ್ನು ಡ್ರಾವರಿನಲ್ಲಿಟ್ಟು ಹೊರಟರು.

ಸಾಯಿಕುಮಾರ ಫೋನು ಕೈಗೆತ್ತಿಕೊಂಡ. ಹೆಸರನ್ನೂ ತೆಗೆದ.

‘ಅಣ್ಣಾರ,’ ಎಂದಳು ಸರಿತಾ, ‘ಅಕ್ಕನ ಬಂಗಾರ ಈಗ ಎಲ್ಲಿಗಿ ಹೋಗ್ತದ್ರಿ?’

ಕಲಬುರಗಿಗೆ, ಅಲ್ಲಿಂದ ಶುದ್ಧ ಮಾಡುವ ಕಾರ್ಖಾನೆಗೆ, ಅಲ್ಲಿ ಊರೂರಿನ ಸತ್ತವರ, ಕೆಟ್ಟವರ, ಒಡೆದು ಹೋದವರ ಬಂಗಾರದ ಜೊತೆ ಒಂದೇ ಮೂಸೆಗೆ. ಇದನ್ನು ಹೇಗೆ ಹೇಳುವುದು? ಅವನು ಫೋನು ಕೆಳಗಿಟ್ಟ. ಹೇಳಬಾರದ್ದನ್ನು ಹೇಳದಿರಲು ತನಗೆ ಗೊತ್ತಿದ್ದ ಒಂದೇ ಉಪಾಯ ಹೂಡಿದ: ಗೊತ್ತಿದ್ದದ್ದನ್ನೆಲ್ಲ ಹೇಳಿದ.

‘ಅದೆಲ್ಲ ಬಿಡವ್ವ. ಇವತ್ತ ಅಮೆರಿಕಾದ ತುಟ್ಟಿ ಲೆಕ್ಕ ಬರೋದದ. ಆರಕ್ಕ. ಅಲ್ಲಿ ಸಾಮಾನು ಎಷ್ಟು ತುಟ್ಟಿ ಆಗ್ಯಾವ ಅಂತ ಸರಕಾರ ಹೇಳ್ತದ. ಅದರ ಮ್ಯಾಲ ಬಂಗಾರ ಕುಣೀತದ.’

‘ಅವರ ಉಳ್ಳಾಗಡ್ಡಿ ತುಟ್ಟಿ ಆದ್ರ ನಮ್ಮ ಬಂಗಾರಕ್ಕೇನ್ ರೋಗಪಾ?’ ಅಂದಳು ಹಣಮವ್ವ.

‘ಬಡ್ಡೀದಾಟ ಯವ್ವಾ. ಬಂಗಾರ ಪೆಟಿಗ್ಯಾಗ ಇಟ್ರ ಬಡ್ಡಿ ಕೊಡಂಗಿಲ್ಲ, ಹೌದಿಲ್ಲೊ? ಅಮೆರಿಕಾದ ಡಾಲರ್ ಬಾಂಡು ಬಡ್ಡಿ ಕೊಡ್ತಾವ. ಬಡ್ಡಿ ಜಾಸ್ತಿ ಇದ್ರ ಶ್ರೀಮಂತ್ರು ಅಲ್ಲಿ ರೊಕ್ಕ ಇಡ್ತಾರ. ಬಡ್ಡಿ ಇಳೀತದ ಅಂತ ವಾಸ್ನಿ ಬಂತಂದ್ರ ಬಂಗಾರಕ್ಕ ಓಡಿ ಬರ್ತಾರ. ತುಟ್ಟಿ ಕಮ್ಮಿ ಆತು ಅಂದ್ರ ಅವರ ದೊಡ್ಡ ಬ್ಯಾಂಕು ಬಡ್ಡಿ ಇಳಸ್ತದ. ನೌಕರಿ ಕಮ್ಮಿ ಆದ್ರೂ ಇಳಸ್ತದ.’

‘ಅಂದ್ರ ಅಲ್ಲಿ ತುಟ್ಟಿ ಕಮ್ಮಿ ಆದ್ರ ಇಲ್ಲಿ ಬಂಗಾರ ತುಟ್ಟಿ?’

‘ಹೌದು.’

‘ಅಲ್ಲಿ ಮಂದಿ ನೌಕರಿ ಕಳಕೊಂಡ್ರೂ ಬಂಗಾರ ತುಟ್ಟಿ?’

‘ಭಾಳ ಸಲ ಹಂಗೇ.’

ಹಣಮವ್ವ ಯೋಚಿಸಿದಳು. ‘ಮಂದಿ ಅಳ್ತಿದ್ರ ಏರೋದು, ನಗ್ತಿದ್ರ ಇಳಿಯೋದು. ಛಲೋ ದೇವ್ರು ಹುಡಿಕೀರಿ ಬಿಡು.’

ಅವನು ಇನ್ನಷ್ಟು ಹುರುಪಿನಿಂದ ಹೇಳಿದ. ಬರೀ ಅಂಕಿ ಮುಖ್ಯವಲ್ಲ. ಎಷ್ಟು ಬರಬಹುದೆಂದು ದೊಡ್ಡ ಮಂದಿ ಮೊದಲೇ ಅಂದಾಜು ಹಾಕಿರುತ್ತಾರೆ, ರೇಟಿನಲ್ಲಿ ಅದು ಆಗಲೇ ಕೂತಿರುತ್ತದೆ. ಅಂದಾಜಿನಂತೆಯೇ ಬಂದರೆ ಎಲೆಯೂ ಅಲ್ಲಾಡುವುದಿಲ್ಲ. ತಪ್ಪಿ ಕಮ್ಮಿ ಬಂದರೆ, ಮನುಷ್ಯರು ಓದುವುದಕ್ಕೆ ಮೊದಲೇ ಮಷಿನುಗಳು ಓದಿ ಬಂಗಾರ ಕೊಂಡುಬಿಡುತ್ತವೆ. ಇಳಿಯುತ್ತದೆಂದು ಬಾಜಿ ಕಟ್ಟಿದವರು ಹೆದರಿ ತಾವೂ ಕೊಳ್ಳುತ್ತಾರೆ, ಅದರಿಂದ ಇನ್ನೂ ಏರುತ್ತದೆ. ಹೇಳುತ್ತ ಹೇಳುತ್ತ ಆರು ಬಡಿಯಿತು. ಮೂವರೂ ಮೊಬೈಲಿನ ಮೇಲೆ ಬಗ್ಗಿದರು. ಅಂಕಿ ಒಂದು ರೂಪಾಯಿ ಏರಿತು, ಎರಡು ಇಳಿಯಿತು. ಐದು ನಿಮಿಷ. ಹತ್ತು ನಿಮಿಷ. ಏನೂ ಇಲ್ಲ.

‘ಅಂದಾಜಿನಂಗೇ ಬಂದದ,’ ಎಂದು ಸಾಯಿಕುಮಾರ ತೀರ್ಪು ಕೊಟ್ಟ. ‘ಗಂಡಾಂತರ ದಾಟಿತವ್ವ. ಇವತ್ತಿನ್ನ ರೇಟ್ ಅಲ್ಲಾಡಂಗಿಲ್ಲ. ಆರಾಮ ಗುಡಿಗಿ ಹೋಗಿ ದೀಪ ಹಚ್ಚಿ ಬರ್ರಿ. ನಾ ಹೇಳ್ತೀನಲ್ಲ.’

ಆ ಕೊನೆಯ ಮಾತನ್ನು ಅವನು ಹೇಳಬೇಕಾಗಿರಲಿಲ್ಲ. ಅವರು ಹೊಸ್ತಿಲು ದಾಟಿ, ಹಿಂತಿರುಗಿ ನೋಡದೆ ಹೋದರು. ಬೆಳ್ಳಿ ಕಾಲ್ಗೆಜ್ಜೆಯ ಗಿರಾಕಿಗಳು ಬಂದರು, ಮೂಗುನತ್ತಿನ ತಿರುಪು ಕಳೆದುಕೊಂಡ ಮುದುಕಿಯೊಬ್ಬಳು ಬಂದಳು. ಫೋನು ಕೆಳಗಿಟ್ಟಲ್ಲೇ ಇತ್ತು.

ಏಳಕ್ಕೆ ಸ್ವಲ್ಪ ಮೊದಲು ಅವನ ಬೆನ್ನಹುರಿಯಲ್ಲಿ ಆ ತಣ್ಣನೆ ಎಳೆ ಇಳಿಯಿತು. ಯಾಕೆಂದು ತಿಳಿಯಲಿಲ್ಲ. ಅಂಗಡಿಯಲ್ಲಿ ಯಾರೂ ಇರಲಿಲ್ಲ. ಹೋದ ಅರಗಿನ ವಾಸನೆ ಮತ್ತೆ ಬಂದಂತಾಯಿತು. ಹೊಸ್ತಿಲ ಬಳಿ ಯಾರೋ ನಿಂತಂತೆ, ಒಳಗೂ ಬಾರದೆ ಹೊರಗೂ ಹೋಗದೆ. ‘ಬರ್ರಿ’ ಅಂದೇಬಿಟ್ಟ. ಬೀದಿಯ ದೀಪದ ನೆರಳು. ತನ್ನನ್ನು ತಾನೇ ಬೈದುಕೊಳ್ಳಲು ಒಂದು ಒಳ್ಳೆಯ ಬೈಗುಳ ಹುಡುಕುತ್ತಿದ್ದಾಗ ಕಣ್ಣು ಮೊಬೈಲಿನ ಮೇಲೆ ಬಿತ್ತು. ಅಂಕಿ ಉಸಿರು ಹಿಡಿದು ನಿಂತಿತ್ತು.

ಏಳು ಬಡಿಯಿತು. ಅಂಕಿ ಹಾರಿತು.

ನಡುವಿನ ಮೆಟ್ಟಿಲುಗಳನ್ನು ತುಳಿಯದೆ ಹಾರಿತು. ತೊಲಕ್ಕೆ ನೂರು ಅಂದುಕೊಳ್ಳುವುದರೊಳಗೆ ನಾನೂರು, ನಾನೂರು ಅನ್ನುವುದರೊಳಗೆ ಏಳುನೂರು. ನಾಲ್ಕೈದು ನಿಮಿಷಗಳಲ್ಲಿ ಸಾವಿರದ ಮುನ್ನೂರನ್ನು ಮುಟ್ಟಿ, ಒಂದಿಷ್ಟು ಹಿಂದೆ ಜಾರಿ, ಮತ್ತೆ ಏರಿ, ಸಾವಿರದ ಇನ್ನೂರರ ಆಸುಪಾಸಿನಲ್ಲಿ ಏದುಸಿರು ಬಿಡುತ್ತ ನಿಂತಿತು. ನೂರಕ್ಕೆ ಒಂದರಷ್ಟು ಏರಿಕೆ. ಅವನು ಮುಕ್ರಮನಿಗೆ ಹಚ್ಚಿದ. ರಿಂಗಾಯಿತು, ಎತ್ತಲಿಲ್ಲ. ಎತ್ತುವುದಿಲ್ಲ, ಲೆಕ್ಕ ಬರುವ ಹೊತ್ತಿಗೆ ಗಟ್ಟಿ ವ್ಯಾಪಾರಿಗಳು ಯಾರಿಗೂ ರೇಟು ಹೇಳುವುದಿಲ್ಲ. ಮೂರನೆಯ ಸಲಕ್ಕೆ ಎತ್ತಿದ.

‘ಅರೇ ಭಾಯ್, ಏಳಕ್ಕ ಯಾರರ ಫೋನ್ ಹಚ್ತಾರೇನು? ನಿಮ್ಮ ಸೇಠ ಹೇಳಿಲ್ಲೇನು? ಅಮೆರಿಕಾದಾಗ ಚಳಿಗಾಲದ ಟೈಮ್ ಚಾಲೂ ಆತು. ಅವರು ಗಡಿಯಾರ ಒಂದ್ ತಾಸ ಹಿಂದ ಇಡ್ತಾರ. ಅವರಿಗಿ ಲೆಕ್ಕ ಯಾವಾಗ್ಲೂ ಮುಂಜಾನಿ ಎಂಟೂವರಿಗೇ. ನಮಗ ಬ್ಯಾಸಗ್ಯಾಗ ಆರು, ಈಗ ಮಾರ್ಚ್ ತನಕ ಏಳು. ತುಟ್ಟಿ ಅಂದಾಜಿಗಿಂತ ಕಮ್ಮಿ ಬಂದದ. ರೇಟ್ ಕುಂದರ್ಲಿ, ಆಮ್ಯಾಲ ಮಾಡು.’

ಏಪ್ರಿಲ್‌ನಲ್ಲಿ ಹುಟ್ಟಿದ ಪಂಡಿತ ಅವನು, ಚಳಿಗಾಲವನ್ನೇ ಕಂಡಿರಲಿಲ್ಲ. ಆರಕ್ಕೆ ಬಾರದ ಲೆಕ್ಕವನ್ನು ಬಂದು ಹೋಯಿತೆಂದು ಸಾರಿದ್ದ.

ಹಣಮವ್ವ ಮತ್ತು ಸರಿತಾ ಕುಂಕುಮ ಹಚ್ಚಿಕೊಂಡು, ಬಲಗಾಲಿಟ್ಟು, ಹೊಸ ಗಿರಾಕಿಗಳಂತೆ ಒಳಗೆ ಬಂದಾಗ ಹಿಂದೆಯೇ ಸಿದ್ದಣ್ಣರೂ ಪ್ರಸಾದದ ಪೊಟ್ಟಣ ಹಿಡಿದು ಬಂದರು. ಹಲಗೆ ನೋಡಿದರು, ಮೊಬೈಲು ನೋಡಿದರು. ತಾಳಿ ತೂಗಿದರು. ಲೆಕ್ಕ ಮಾಡಿದರು. ತಾಳಿಗೆ ರೊಕ್ಕ ಸರಿಹೋಯಿತು. ಬಿಲ್ಲೆಗೆ ಏನೂ ಉಳಿಯಲಿಲ್ಲ.

‘ರೇಟ್ ಏರಿಬಿಟ್ಟದವ್ವ,’ ಅಂದರು ಮೆಲ್ಲಗೆ.

ಹಣಮವ್ವ ಸಾಯಿಕುಮಾರನನ್ನು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. ‘ನೀ ಹೇಳಿದ್ದೆಲ್ಲಪ್ಪ,’ ಎಂದಳು, ಅಷ್ಟೇ. ಸರಿತಾ ಹೊಸ್ತಿಲ ಕಡೆ ತಿರುಗಿದಳು. ಅವಳ ಕಣ್ಣು ನಿಂತ ಜಾಗ, ಅರ್ಧ ತಾಸಿನ ಹಿಂದೆ ಅವನ ಕಣ್ಣು ನಿಂತ ಜಾಗವೇ ಆಗಿತ್ತು.

‘ಅಕ್ಕ ನಿಂತಾಳವ್ವ,’ ಎಂದಳು, ಬಸ್ಸು ಬಂತು ಅನ್ನುವ ಹಾಗೆ.

ಸಾಯಿಕುಮಾರ ಗಟ್ಟಿ ಇದ್ದ ಡ್ರಾವರಿನ ಕಡೆ ನೋಡಿದ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ನಾಳೆ ಬೆಳಿಗ್ಗೆ ಮುಕ್ರಮನಿಗೆ ಹೊಸ ರೇಟಿಗೆ ಮಾರಿದರಾಯಿತು, ಏರಿದ್ದು ಅಂಗಡಿಗೇ ಲಾಭ, ಮಾಲಕರು ಬೆನ್ನು ತಟ್ಟಿದರೂ ತಟ್ಟಬಹುದು. ಬಾಯಿ ಬಿಟ್ಟರೆ ಕಾಶಪ್ಪನ ಪಕ್ಕದಲ್ಲಿ ಇನ್ನೊಂದು ಚಹಾದ ಕೆಟಲು. ಆದರೆ ಹೊಸ್ತಿಲಲ್ಲಿ ನಿಂತದ್ದು ಅವನು ಹೇಳುವ ತನಕ ಹೋಗುವ ಹಾಗೆ ಕಾಣಲಿಲ್ಲ.

‘ಮಾಲಕ್ರ,’ ಅಂದ. ‘ಮುಕ್ರಮಗ ಫೋನ್ ಮಾಡಿಲ್ರಿ. ಮರ್ತೆ. ಗಟ್ಟಿ ಇನ್ನೂ ಮಾರಿಲ್ಲ.’

ಸಿದ್ದಣ್ಣ ಪ್ರಸಾದದ ಪೊಟ್ಟಣವನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟರು. 

‘ಒಂದ್ ವ್ಯಾಳಿ ರೇಟ್ ಇಳಿದಿದ್ರ?’

‘ಇಳಿದಿದ್ರ... ನಿಮ್ಮ ಕೊಳ್ಳಿಗಿ ಬರ್ತಿತ್ರಿ.’

‘ನನ್ನ ಕೊಳ್ಳಿಗಿ. ಹಾಂ. ನಿಂಗ ಕೊಳ್ಳಿಲ್ಲ, ಬರೇ ನಾಲಿಗಿ ಅದ.’ ಅಷ್ಟು ಹೇಳಿ ಕೈ ನೀಡಿದರು. ‘ತಾ.’

ಸಾಯಿಕುಮಾರ ಡ್ರಾವರು ತೆರೆದು ಗಟ್ಟಿಯನ್ನು ಎತ್ತಿದ. ಎತ್ತಿದವನು ಬೆಚ್ಚಿಬಿದ್ದ. ಕುಲುಮೆಯಿಂದ ಬಂದು ಎರಡು ತಾಸಾಗಿತ್ತು. ಗಟ್ಟಿ ಬೆಚ್ಚಗಿತ್ತು. ಜ್ವರ ಬಂದ ಮಗುವಿನ ಹಣೆಯಷ್ಟು. ಡ್ರಾವರಿನ ಕೆಳಗೆ ಇನ್ವರ್ಟರ್ ಇದೆ, ಅದರ ಕಾವು ಎಂದು ತನಗೆ ತಾನೇ ಹೇಳಿಕೊಂಡ. ಇನ್ವರ್ಟರ್ ಕೆಟ್ಟು ವಾರವಾಗಿತ್ತು ಎಂಬುದು ಆಮೇಲೆ ನೆನಪಾಯಿತು.

ಸಿದ್ದಣ್ಣ ಗಟ್ಟಿಯನ್ನು ತಕ್ಕಡಿಯಲ್ಲಿಟ್ಟು ಹಣಮವ್ವನ ಕಡೆ ತಿರುಗಿದರು. ‘ನೋಡವ್ವ. ಇದಕ್ಕ ನಾ ನಿಂಗ ಎಷ್ಟು ರೊಕ್ಕ ಕೊಟ್ಟೀನೋ, ಇದರಾಗ ಎರಡು ಗುಂಜಿ ಕತ್ತರಿಸಿ ತೆಗೆದ್ರೂ ಉಳಿದದ್ದು ಈಗಿನ ರೇಟಿಗೆ ಅಷ್ಟೇ ಆಗ್ತದ. ನಂಗೇನ್ ಹೋಗಂಗಿಲ್ಲ. ಆ ಎರಡು ಗುಂಜಿ ನಂದಲ್ಲ. ಆದ್ರ ಇದು ಆಕಿದೇ ಬಂಗಾರ. ಸರಿತಾನ ಕೊಳ್ಳಾಗ ಹಾಕಬಹುದೇನು?’

ಹಣಮವ್ವ ಗಟ್ಟಿಯನ್ನೇ ದಿಟ್ಟಿಸಿದಳು. ‘ತಾಳಿಗಾದ್ರ ಒಲ್ಲೆ,’ ಎಂದಳು ಕೊನೆಗೆ. ‘ಬಿಲ್ಲಿ ಆಕಿದೇ ಅಲ್ಲೇನ್ರಿ. ಆಕಿದು ಆಕಿಗೇ.’

ಸಿದ್ದಣ್ಣ ಎರಡು ಗುಂಜಿ ಕತ್ತರಿಸಿ, ಬಡಿದು, ತಟ್ಟಿ, ಮೊಳೆಯ ತುದಿಯಿಂದ ಎರಡು ಪಾದ ಮೂಡಿಸಿದರು. ನಡುವೆ ಒಮ್ಮೆ ತಾವೇ ಮುಕ್ರಮನಿಗೆ ಫೋನು ಮಾಡಿ ಉಳಿದ ಗಟ್ಟಿಯನ್ನು ಮಾರಿದರು. ತಾಯಿ ಮಗಳು ಕೊನೆಯ ಬಸ್ಸು ಹಿಡಿಯಲು ಎದ್ದಾಗ ಸರಿತಾ ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಡಿದು ಹೊಸ್ತಿಲ ಬಳಿ ಒಂದು ಗಳಿಗೆ ನಿಂತಳು. ಪಕ್ಕಕ್ಕೆ ಸರಿದು, ಯಾರಿಗೋ ದಾರಿ ಬಿಟ್ಟು, ಆಮೇಲೆ ದಾಟಿದಳು.

‘ನಾಳಿ ಬರ್ಲ್ಯಾ ಮಾಲಕ್ರ?’ ಎಂದು ಸಾಯಿಕುಮಾರ ಕೇಳಿದ.

‘ಬಾ. ಹಲಗಿ ಬರಿ. ಫೋನ್ ನಾ ಮಾಡ್ತೀನಿ. ರೇಟಿನ ಬಗ್ಗಿ ಗಿರಾಕಿಗಿ ಒಂದು ಮಾತು ಹೇಳಿದಿ ಅಂದ್ರ ವಾಡಿಗಿ ಟಿಕೆಟ್ ನಾನೇ ತೆಗಸ್ತೀನಿ.’

ಮರುದಿನ ಕಾಶಪ್ಪ ಸ್ಟೂಲಿನ ಕ್ಷೇಮ ಕೇಳಿದಾಗ ಸಾಯಿಕುಮಾರ, ‘ಒಂದು ಕಾಲು ಲಡಾಸ ಆಗ್ಯದ, ಅಲ್ಲಾಡ್ತದ’ ಅಂದ. ಕಾಶಪ್ಪ ಅಂದು ರೊಕ್ಕ ತೆಗೆದುಕೊಳ್ಳಲಿಲ್ಲ.

ಮುಂದಿನ ತಿಂಗಳ ಮೊದಲ ಶುಕ್ರವಾರ, ನೌಕರಿ ಲೆಕ್ಕ ಬರುವ ಸಂಜೆ, ಸರಿತಾ ಬಂದಳು. ಲಗ್ನವಾಗಿತ್ತು. ಸೊಂಟದ ಮೇಲೆ ಅಕ್ಕನ ಕೂಸು. ಬಿಲ್ಲೆಯ ಕೊಂಡಿ ಸಡಿಲಾಗಿತ್ತು, ಬಿಗಿ ಮಾಡಿಸಬೇಕಿತ್ತು. ಸಿದ್ದಣ್ಣ ಇಕ್ಕಳ ತರಲು ಒಳಗೆ ಹೋದಾಗ ಅವಳು ತಗ್ಗಿದ ದನಿಯಲ್ಲಿ ಅಂದಳು:

‘ಅಣ್ಣಾರ, ಇದು ರಾತ್ರಿ ಎದಿ ಮ್ಯಾಲ ಸುಟ್ಟಂಗ ಆಗ್ತದ್ರಿ. ಅತ್ತಿ ಅಂತಾಳ, ನನ್ನ ಭ್ರಮಿ ಅಂತ. ನೀವರ ಹಿಡ್ದು ನೋಡ್ರಿ.’

ಏಳು ಬಡಿಯಿತು. ಗಲ್ಲಾಪೆಟ್ಟಿಗೆಯ ಮೇಲೆ ಮೊಬೈಲಿನ ಅಂಕಿ ಕೆಂಪಾಗಿ ಕೆಳಗೆ ಧುಮುಕಿತು. ಈ ಸಲ ಅಮೆರಿಕಾದವರಿಗೆ ಅಂದಾಜಿಗಿಂತ ಹೆಚ್ಚು ನೌಕರಿ ಸಿಕ್ಕಿರಬೇಕು. ಸಾಯಿಕುಮಾರ ಅದನ್ನು ನೋಡಲಿಲ್ಲ. ಅಂಗೈ ಚಾಚಿದ. ಅವಳು ಬಿಲ್ಲೆ ಇಟ್ಟಳು. ಕೂಸು ಅದರತ್ತ ಕೈಚಾಚಿ, ಯಾರನ್ನೋ ಗುರುತಿಸಿದಂತೆ ನಕ್ಕಿತು.

‘ಭ್ರಮೀನೇ ಅದವ್ವ,’ ಅಂದ ಅವನು. ‘ತಣ್ಣಗದ.’

ಅವರು ಹೋದ ಮೇಲೆ ಅವನು ಆ ಅಂಗೈಯನ್ನು ಕುಡಿಯುವ ನೀರಿನ ಕೊಡದೊಳಗೆ ಅದ್ದಿ ಕುಳಿತ. ಸಿದ್ದಣ್ಣ ನೋಡಿ ಬೈಯುವವರೆಗೂ ತೆಗೆಯಲಿಲ್ಲ.